ಬೋಣಿ, ಮಾರು, ಕೊಸರು: ಹೂವು-ತರಕಾರಿಯವರನ್ನು ಮಾತಾಡಿಸಿ ಕೊಳ್ಳುವುದು ಹೇಗೆ?

ಮೈಸೂರಿಗೆ ಹೊಸದಾಗಿ ಬಂದವರು, ಹೊಸ ಸಂಸಾರ ಹೂಡಿದವರು, ಇಷ್ಟು ದಿನ ಮೊಬೈಲಿನಲ್ಲೇ ತರಕಾರಿ ತರಿಸಿಕೊಳ್ಳುತ್ತಿದ್ದವರು, ಎಲ್ಲರೂ ಕೇಳುವುದು ಒಂದನ್ನೇ. "ಮಾರ್ಕೆಟ್ಟಿಗೆ ಹೋದ್ರೆ ನಮಗೊಂದು ರೇಟು, ಪಕ್ಕದಲ್ಲಿ ನಿಂತೋರಿಗೆ ಒಂದು ರೇಟು. ಅವರು ನಗ್ತಾ ಮಾತಾಡಿಸ್ತಾರೆ, ಅಷ್ಟೇ. ಬರೀ ಮಾತಿಗೆ ದುಡ್ಡು ಕಮ್ಮಿ ಆಗುತ್ತಾ?"

ಆಗುತ್ತೆ. ಆದರೆ ನೀವು ಅಂದುಕೊಂಡಷ್ಟು ಆಗಲ್ಲ, ನೀವು ಅಂದುಕೊಂಡ ಜಾಗದಲ್ಲೂ ಆಗಲ್ಲ. ನಾಲ್ಕು ಒಳ್ಳೆ ಮಾತಾಡಿದರೆ ಕೆಜಿಗೆ ಐದೋ ಹತ್ತೋ ರೂಪಾಯಿ ಇಳಿಯಬಹುದು. ಹೆಚ್ಚಿನ ಲಾಭ ಇರುವುದು ಬೇರೆ ಕಡೆ. ತೂಕದ ಮುಳ್ಳು ನಿಮ್ಮ ಕಡೆ ವಾಲುತ್ತೆ. ಹೂವಿನ ಅಳತೆಯಲ್ಲಿ ಕೈ ಪೂರ್ತಿ ಚಾಚುತ್ತೆ. ಚೀಲಕ್ಕೆ ಬೀಳುವ ಬದನೆಕಾಯಿ ಹುಳುಕಿಲ್ಲದ್ದು ಬೀಳುತ್ತೆ. "ಇವತ್ತು ಬೀನ್ಸ್ ಬೇಡ ಬಿಡಿ, ನಾರು ಬಂದೈತೆ" ಅನ್ನುವ ನಿಜ ಸಿಗುತ್ತೆ. ಇದಕ್ಕೆಲ್ಲ ದರದ ಬೋರ್ಡಿಲ್ಲ. ಅದಕ್ಕೇ ಪಕ್ಕದಲ್ಲಿ ನಿಂತು ನೋಡಿದವರಿಗೆ ಬರೀ ನಗು ಕಾಣುತ್ತೆ.

ದೇವರಾಜ ಮಾರುಕಟ್ಟೆ, ಬಡಾವಣೆಗಳ ಸಂಜೆ ತರಕಾರಿ ಸಾಲು, ಮಂಡ್ಯದ ಪೇಟೆ ಬೀದಿಯಂಥ ಕಡೆ ಚಿಲ್ಲರೆಯಾಗಿ, ಅಂದರೆ ಮನೆ ಬಳಕೆಗೆ ಸ್ವಲ್ಪ ಸ್ವಲ್ಪ ಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಮದುವೆಗೆ ಮೂಟೆಗಟ್ಟಲೆ ತರುವವರ ಲೆಕ್ಕ ಬೇರೆ.

ಹೊರಡುವ ಮುಂಚೆ

ಮೂರು ಸಾಕು. ಬಟ್ಟೆ ಚೀಲ, ಹತ್ತು-ಇಪ್ಪತ್ತರ ಚಿಲ್ಲರೆ ನೋಟು, ಅವತ್ತಿನ ದರದ ಒಂದು ಅಂದಾಜು. ಅಂದಾಜಿಗೆ ಸುಲಭದ ದಾರಿ ಹಾಪ್‌ಕಾಮ್ಸ್ ಮಳಿಗೆಯ ಬೋರ್ಡು. ಅದು ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘದ ಅಂಗಡಿ. ಅಲ್ಲಿ ದಿನದ ದರ ಬರೆದಿರುತ್ತಾರೆ, ಚೌಕಾಸಿ ನಡೆಯಲ್ಲ. ಹೋಗುವ ದಾರಿಯಲ್ಲಿ ನಿಮಗೆ ಬೇಕಾದ ಎರಡು ಮೂರು ಪದಾರ್ಥದ ದರ ನೋಡಿಕೊಂಡು ಹೋಗಿ. ಆ ದರವನ್ನು ಮಾರುವವರ ಮುಖದ ಮೇಲೆ ಎಸೆಯಬೇಡಿ. "ಹಾಪ್‌ಕಾಮ್ಸಲ್ಲಿ ನಲವತ್ತೈದು" ಅಂದರೆ "ಅಲ್ಲೇ ತಗೊಳ್ಳಿ" ಅಂತಾರೆ, ಮಾತು ಅಲ್ಲಿಗೆ ಮುಗಿಯಿತು. ಹೇಳಿದ ಬೆಲೆ ಸುಮಾರಾಗಿ ಸರಿ ಇದೆಯಾ ಅಂತ ನಿಮಗೆ ಗೊತ್ತಾಗಲಿಕ್ಕೆ ಅದು ಬೇಕು, ಅಷ್ಟೇ.

1. ಹೊತ್ತು ನೋಡಿ ಹೋಗಿ

ಬೆಳಿಗ್ಗೆ ಹೋಗುವುದಾದರೆ ಬೋಣಿಯ ವಿಚಾರ ತಿಳಿದಿರಲಿ. ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿಯ ದುಡ್ಡನ್ನು ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಆಮೇಲೆ ಡಬ್ಬಿಗೆ ಹಾಕುವುದನ್ನು ನೋಡಿರುತ್ತೀರಿ. ಬೋಣಿ ಗಿರಾಕಿ ಬರಿಗೈಯಲ್ಲಿ ಹೋದರೆ ಇಡೀ ದಿನ ವ್ಯಾಪಾರ ಕೂರಲ್ಲ ಅನ್ನುವ ನಂಬಿಕೆ ಹಳಬರಲ್ಲಿ ಗಟ್ಟಿಯಾಗಿದೆ.

ಇದನ್ನು ಗೊತ್ತಿದ್ದು ಬಳಸಿಕೊಳ್ಳುವವರು ಇದ್ದಾರೆ. ಬೋಣಿ ಹೊತ್ತಿಗೆ ಹೋಗಿ ಅರ್ಧ ಬೆಲೆಗೆ ಕೇಳುತ್ತಾರೆ. ಕಳಿಸಲಾಗದೆ ಅವರು ಕೊಟ್ಟೂ ಬಿಡಬಹುದು. ಆದರೆ ಮುಖ ನೆನಪಿಟ್ಟುಕೊಳ್ಳುತ್ತಾರೆ. ಮುಂದಿನ ಸಲ ನಿಮಗೆ ಹೇಳುವ ಬೆಲೆಯಲ್ಲೇ ಆ ನಷ್ಟ ಸೇರಿರುತ್ತೆ. ಹಾಗಾಗಿ ಬೆಳಿಗ್ಗೆ ಮೊದಲೇ ತಲುಪಿದರೆ "ಬೋಣಿ ಆಯ್ತಾ ಅಕ್ಕ?" ಅಂತ ಕೇಳಿ. "ಇನ್ನೂ ಇಲ್ಲ, ನಿಮ್ದೇ" ಅಂದರೆ ಎರಡೇ ದಾರಿ. ಏನಾದರೂ ತಗೊಳ್ಳಿ, ಒಂದು ಕಟ್ಟು ಕೊತ್ತಂಬರಿ ಆದರೂ ಸರಿ. ಇಲ್ಲವಾದರೆ ಬೆಲೆ ಕೇಳದೆ "ಒಂದು ಸುತ್ತು ಹೋಗಿ ಬರ್ತೀನಿ" ಅಂತ ಮುಂದೆ ಹೋಗಿ. ಬೆಲೆ ಕೇಳಿ, ಎಲ್ಲ ಕೈಯಾಡಿಸಿ, ಸುಮ್ನೆ ಎದ್ದು ಹೋಗುವುದು ಬೇಡ. ಬೋಣಿಯನ್ನು ಸಾಲದಲ್ಲಿ, "ಚಿಲ್ಲರೆ ಆಮೇಲೆ ಕೊಡ್ತೀನಿ" ಅಂತ ಮಾಡುವುದೂ ಬೇಡ.

ಸಂಜೆ ಲೆಕ್ಕ ಬೇರೆ. ಸೊಪ್ಪು, ಟೊಮೇಟೊ, ಬಿಡಿ ಹೂವು ನಾಳೆಗೆ ನಿಲ್ಲುವ ಮಾಲಲ್ಲ. ಹಳ್ಳಿಯಿಂದ ಬಂದವರಿಗೆ ಬಸ್ಸಿನ ಚಿಂತೆ ಇರುತ್ತೆ. ಅವರೇ ಕರೆದು ಕಮ್ಮಿಗೆ ಕೊಡುತ್ತಾರೆ. ಆದರೆ ಆರಿಸಿ ಉಳಿದ ಮಾಲು ಅದು, ಗುಣ ನೋಡಿಕೊಳ್ಳುವ ಹೊಣೆ ನಿಮ್ಮದು. ಮಾತಾಡಿಸಿ ಪರಿಚಯ ಮಾಡಿಕೊಳ್ಳಲಿಕ್ಕೆ ಚೆನ್ನಾಗಿರುವ ಹೊತ್ತು ಇವೆರಡರ ಮಧ್ಯದ್ದು. ಬೋಣಿ ಆಗಿರುತ್ತೆ, ಜನ ಇನ್ನೂ ಮುತ್ತಿರಲ್ಲ, ಅವರಿಗೂ ಎರಡು ಮಾತಾಡಲು ಪುರುಸೊತ್ತು ಇರುತ್ತೆ.

2. ಮೊದಲ ಮಾತು ಬೆಲೆಯದ್ದಾಗಿರಬಾರದು

ಹೆಚ್ಚಿನವರು ಎಡವುವುದು ಇಲ್ಲೇ. ನಿಂತಲ್ಲಿಂದಲೇ, ಮುಖ ನೋಡದೆ, ಕಾಯಿಗೆ ಬೆರಳು ತೋರಿಸಿ "ಎಷ್ಟು?" ಅಂತಾರೆ. ಆ ಒಂದು ಮಾತಿನಲ್ಲೇ ಕೂತವರಿಗೆ ಎರಡು ವಿಷಯ ತಿಳಿಯುತ್ತೆ. ಈ ಗಿರಾಕಿಗೆ ದರ ಗೊತ್ತಿಲ್ಲ, ಮತ್ತೆ ಬರುವ ಅಂದಾಜೂ ಇಲ್ಲ. ಸರಿ, ಹತ್ತು ರೂಪಾಯಿ ಏರಿಸಿಯೇ ಹೇಳುತ್ತಾರೆ. ನೀವು ಚೌಕಾಸಿ ಮಾಡುತ್ತೀರಿ ಅಂತಲೂ ಅವರಿಗೆ ಗೊತ್ತು, ಹಾಗಾಗಿ ಇಳಿಸಲಿಕ್ಕೆ ಅಂತಲೇ ಏರಿಸಿರುತ್ತಾರೆ. ಆಮೇಲೆ ಹತ್ತು ಇಳಿಸಿ ನೀವು ಗೆದ್ದೆ ಅಂದುಕೊಳ್ಳುತ್ತೀರಿ!

ಹೀಗೆ ಮಾಡಿ. ಹತ್ತಿರ ಹೋಗಿ. ನೆಲದ ಮೇಲೆ ಕೂತು ಮಾರುವವರಾದರೆ ಸ್ವಲ್ಪ ಬಗ್ಗಿ, ಸಾಧ್ಯವಾದರೆ ಕುಕ್ಕರುಗಾಲಲ್ಲಿ ಕೂರಿ. ಮುಖ ನೋಡಿ ಕರೆಯಿರಿ. ಹೆಂಗಸರಿಗೆ ಅಕ್ಕ ಅಥವಾ ಅಮ್ಮ. ಮಂಡ್ಯದ ಕಡೆ ವಯಸ್ಸಾದವರಿಗೆ ಅವ್ವ. ಗಂಡಸರಿಗೆ ಅಣ್ಣ, ಹಿರಿಯರಿಗೆ ಯಜಮಾನ್ರೇ. ಮುಸ್ಲಿಂ ವ್ಯಾಪಾರಿಗಳಿಗೆ ಭಾಯ್ ಅನ್ನುವುದು ರೂಢಿ, ಅಣ್ಣ ಅಂದರೂ ಚೆನ್ನ. ಅಜ್ಜಿ ಅನ್ನುವ ಮುಂಚೆ ಮಾತ್ರ ಒಂದು ಸಲ ಯೋಚನೆ ಮಾಡಿ. ಐವತ್ತೈದರ ಹೆಂಗಸಿಗೆ ಅಜ್ಜಿ ಅಂದರೆ ನಗುತ್ತಲೇ ಎರಡು ರೂಪಾಯಿ ಜಾಸ್ತಿ ಹೇಳುತ್ತಾರೆ. ಅದು ನ್ಯಾಯವೇ ಅನ್ನಿ.

ಹಿರಿಯ ಹೂವಿನಮ್ಮಂದಿರು ನಿಮ್ಮನ್ನು "ನೀನು", "ಮಗ", "ಕೂಸೆ" ಅಂತ ಏಕವಚನದಲ್ಲಿ ಮಾತಾಡಿಸಬಹುದು. ಅದು ಸಲಿಗೆ, ಸದರವಲ್ಲ. ನೀವು ಮಾತ್ರ "ನೀವು" ಅಂತಲೇ ಇರಿ. "ಏನಮ್ಮಾ, ಹೆಂಗೆ ಕೊಡ್ತೀಯಾ?" ಅನ್ನುವ ದನಿ ನಿಮ್ಮ ಬಾಯಲ್ಲಿ ಬಂದರೆ ಎಷ್ಟು ನಕ್ಕರೂ ಕೆಲಸಕ್ಕೆ ಬರಲ್ಲ.

ಆಮೇಲೆ ಒಂದೇ ಒಂದು ಮಾತು. ಬೆಳಿಗ್ಗೆ "ತಿಂಡಿ ಆಯ್ತಾ?", ಮಧ್ಯಾಹ್ನ "ಊಟ ಆಯ್ತಾ?", ಸಂಜೆ "ವ್ಯಾಪಾರ ಹೆಂಗಿದೆ ಇವತ್ತು?" ಇಷ್ಟು ಸಾಕು. ಉತ್ತರ ಬರುವ ತನಕ ಕಾಯಿರಿ. ಇದು ಮುಖ್ಯ. "ಊಟ ಆಯ್ತಾ ಟೊಮೇಟೊ ಎಷ್ಟು?" ಅಂತ ಒಂದೇ ಉಸಿರಲ್ಲಿ ಕೇಳಿದರೆ ಊಟದ ಮಾತು ನೆಪ ಅಂತ ಎದುರಿನವರಿಗೆ ತಕ್ಷಣ ತಿಳಿಯುತ್ತೆ. ದಿನಕ್ಕೆ ನೂರಾರು ಮುಖ ನೋಡುವವರು ಅವರು.

ಅತಿಯೂ ಬೇಡ. ಮೊದಲ ದಿನವೇ ಮಕ್ಕಳೆಷ್ಟು, ಮನೆ ಎಲ್ಲಿ, ದಿನಕ್ಕೆ ಎಷ್ಟು ಉಳಿಯುತ್ತೆ ಅಂತ ಕೇಳಿದರೆ ಅನುಮಾನ ಬರುತ್ತೆ. ಹಿಂದೆ ಗಿರಾಕಿ ನಿಂತಿದ್ದರೆ ಮಾತು ಇನ್ನೂ ಕಮ್ಮಿ ಮಾಡಿ. "ಅವರಿಗೆ ಕೊಟ್ಟುಬಿಡಿ ಅಕ್ಕ, ನಾನು ನಿಂತಿರ್ತೀನಿ" ಅಂದರೆ ಅದಕ್ಕಿಂತ ಒಳ್ಳೆ ನಮಸ್ಕಾರ ಇಲ್ಲ.

3. "ಯಾವೂರು?" ಅಂತ ಕೇಳಿ, ಉತ್ತರ ಕೇಳಿಸಿಕೊಳ್ಳಿ

ಇದು ಬರೀ ಲೋಕಾಭಿರಾಮದ ಮಾತಲ್ಲ. ಎದುರಿಗೆ ಕೂತವರು ಬೆಳೆದವರೋ, ಮಂಡಿಯಿಂದ ತಂದು ಮಾರುವವರೋ ಅನ್ನುವುದು ಈ ಪ್ರಶ್ನೆಯಲ್ಲಿ ಹೊರಬರುತ್ತೆ. ಮಂಡಿ ಅಂದರೆ ಸಗಟು ಅಂಗಡಿ. ಮೈಸೂರಿನಲ್ಲಿ ನಂಜನಗೂಡು ರಸ್ತೆಯ ಬಂಡೀಪಾಳ್ಯದ ಎಪಿಎಂಸಿ ದೊಡ್ಡ ಸಗಟು ಜಾಗ.

ಗೋಣಿ ತಾಟು ಹಾಸಿ ಒಂದೆರಡೇ ಬಗೆ ಇಟ್ಟುಕೊಂಡಿದ್ದರೆ, ದಂಟು, ಕೀರೆ, ಸಬ್ಬಸಿಗೆ ಮಾತ್ರ ಇದ್ದರೆ, ಬುಡದಲ್ಲಿ ಇನ್ನೂ ಹಸಿ ಮಣ್ಣಿದ್ದರೆ, ಬಹುಶಃ ಮನೆ ಹೊಲದ್ದು. "ನಿಮ್ ಹೊಲದ್ದಾ ಅವ್ವ?" ಅಂತ ಕೇಳಿ. ಹೌದಾದರೆ ಅವರಿಗೆ ಬೇಕಾಗಿರುವುದು ಬೇಗ ಖಾಲಿ ಮಾಡಿ ಊರಿಗೆ ಹೋಗುವುದು. ಅಲ್ಲಿ ಬೆಲೆ ಇಳಿಸಿ ಅನ್ನುವುದಕ್ಕಿಂತ "ಮೂರು ಕಟ್ಟು ತಗೊಂಡ್ರೆ ಹೆಂಗೆ?" ಅನ್ನುವುದು ಫಲ ಕೊಡುತ್ತೆ.

ಹದಿನೈದು ಬಗೆ ತರಕಾರಿ ಜೋಡಿಸಿಕೊಂಡವರು ಮಂಡಿ ಮಾಲು ತಂದವರು. ಅವರಿಗೆ ಅಸಲು ಅಂತ ಒಂದಿದೆ. ಅಸಲು ಅಂದರೆ ಮಾಲು ಅವರ ಕೈಗೆ ಬಿದ್ದ ಬೆಲೆ. ಅದು ಮಂಡಿ ದರವೇ ಅಲ್ಲ ಅನ್ನುವುದು ಹಲವರಿಗೆ ಹೊಳೆಯಲ್ಲ. ಲೆಕ್ಕಕ್ಕೆ ಅಂತ ಒಂದು ಉದಾಹರಣೆ ಹೇಳುತ್ತೇನೆ, ಇವತ್ತಿನ ದರ ಅಂದುಕೊಳ್ಳಬೇಡಿ. ಮಂಡಿಯಲ್ಲಿ ಕೆಜಿಗೆ 40ರಂತೆ 10 ಕೆಜಿ ಬೀನ್ಸ್ ತಂದರು, 400 ರೂಪಾಯಿ. ಅದರ ಪಾಲಿನ ಆಟೋ, ಹಮಾಲಿ ಖರ್ಚು 30. ಮುರಿದದ್ದು, ಬಾಡಿದ್ದು, ತೂಕದಲ್ಲಿ ಮೇಲೆ ಹೋದದ್ದು ಸೇರಿ ಒಂದೂವರೆ ಕೆಜಿ ಕಳೆಯಿತು. ಮಾರಲಿಕ್ಕೆ ಉಳಿದದ್ದು ಎಂಟೂವರೆ ಕೆಜಿ. 430 ಅನ್ನು ಎಂಟೂವರೆಯಿಂದ ಭಾಗಿಸಿದರೆ ಕೆಜಿಗೆ 50ರ ಮೇಲೆ ಬೀಳುತ್ತೆ. ಅವರು 65 ಹೇಳುತ್ತಾರೆ, 60ಕ್ಕೆ ಖುಷಿಯಾಗಿ ಕೊಡುತ್ತಾರೆ, ಮುಖ ಪರಿಚಯಕ್ಕೆ 55ಕ್ಕೂ ಕೊಡಬಹುದು. ನೀವು 40ಕ್ಕೆ ಕೇಳಿದರೆ ಕೋಪ ಬರುತ್ತೆ. "ಅಸ್ಲೂ ಗಿಟ್ಟಲ್ಲ" ಅನ್ನುವುದು ಯಾವಾಗಲೂ ನಾಟಕವಲ್ಲ.

ಇದರಿಂದ ಗೊತ್ತಾಗುವುದೇನು? ಮಾತಿನಿಂದ ಇಳಿಯುವ ಜಾಗ ಐದರಿಂದ ಹತ್ತು ರೂಪಾಯಿ. ಅದಕ್ಕಿಂತ ಜಾಸ್ತಿ ಇಳಿಸಿದರು ಅಂದರೆ ಒಂದೋ ಮೊದಲೇ ಏರಿಸಿ ಹೇಳಿದ್ದರು, ಇಲ್ಲವೇ ಮಾಲಿನಲ್ಲೋ ತೂಕದಲ್ಲೋ ಎಲ್ಲೋ ತೀರಿಸಿಕೊಳ್ಳುತ್ತಾರೆ.

4. ಬೆಲೆ ಕೇಳುವುದು, ಒಂದೇ ಸಲ ಇಳಿಸುವುದು

ಈಗ ಬೆಲೆ ಕೇಳಿ. "ಬೀನ್ಸ್ ಹೆಂಗೆ ಹಾಕಿದ್ದೀರಾ ಅಕ್ಕ?" ಅವರು ಹೇಳಿದ ಮೇಲೆ ಒಂದು ಕ್ಷಣ ಸುಮ್ಮನಿರಿ. ನೀವು ಮಾತಾಡಿಸಿದ್ದರೆ ಎಷ್ಟೋ ಸಲ ಅವರೇ "ನಿಮಗೆ ಅರವತ್ತು ಮಾಡಿಕೊಡ್ತೀನಿ ತಗೊಳ್ಳಿ" ಅಂತಾರೆ. ಅಂದಾಜಿಗೆ ಹತ್ತಿರ ಇದ್ದರೆ ಅಲ್ಲಿಗೆ ನಿಲ್ಲಿಸಿ. ಹಾಗೆ ಹೇಳದಿದ್ದರೆ ನಿಮ್ಮ ಬೆಲೆ ಒಂದೇ ಸಲ ಹೇಳಿ. ಅದು ಕೊಳ್ಳುವ ಬೆಲೆಯೇ ಆಗಿರಲಿ. ನಲವತ್ತು, ನಲವತ್ತೈದು, ಐವತ್ತು ಅಂತ ಹರಾಜು ಏರಿಸುತ್ತಾ ಹೋಗಬೇಡಿ. ಅವರು ಒಪ್ಪಿದ ಮೇಲೆ "ಇನ್ನೂ ಐದು ಕಮ್ಮಿ ಮಾಡಿ" ಅನ್ನುವುದಂತೂ ಮಾಡಿದ ಪರಿಚಯವನ್ನೆಲ್ಲ ನೀರಿಗೆ ಹಾಕಿದ ಹಾಗೆ. ನಗುನಗುತ್ತಾ ಮಾತಾಡಿಸಿ ಆಮೇಲೆ ಹಿಂಡುವವರಿಗಿಂತ, ಮಾತೇ ಆಡದೆ ನೇರ ಬೆಲೆ ಕೇಳುವವರೇ ವಾಸಿ ಅಂತ ಮಾರುವವರು ಬಾಯಿಬಿಟ್ಟೇ ಹೇಳುತ್ತಾರೆ.

ಇಳಿಸುವ ಬದಲು ಕೊಸರು ಕೇಳಿ. ಕೊಸರು ಅಂದರೆ ತೂಕ, ಅಳತೆ ಮುಗಿದ ಮೇಲೆ ಮೇಲೆ ಹಾಕುವ ಚೂರು. ಎರಡು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು, ಸೊಪ್ಪಿನ ಜೊತೆ ನಾಲ್ಕು ಕಡ್ಡಿ ಪುದೀನ. ಮಾರುವವರಿಗೆ ದುಡ್ಡು ಬಿಡುವುದಕ್ಕಿಂತ ಮಾಲು ಬಿಡುವುದು ಹಗುರ. ಐದು ರೂಪಾಯಿ ಬಿಟ್ಟರೆ ಐದೂ ಹೋಯಿತು. ಐದು ರೂಪಾಯಿಯ ಕರಿಬೇವು ಹಾಕಿದರೆ ಅವರ ಕೈಯಿಂದ ಹೋಗುವುದು ಎರಡು ಮೂರು ರೂಪಾಯಿಯ ಮಾಲು, ಅದೂ ಸಂಜೆಗೆ ಬಾಡುವಂಥದ್ದು. ನಿಮಗೆ ಮಾತ್ರ ಪೂರ್ತಿ ಐದು ಸಿಕ್ಕಿತು. ಚೌಕಾಸಿಗೆ ಒಪ್ಪದವರು ಕೊಸರಿಗೆ ಒಪ್ಪುವುದು ಇದಕ್ಕೇ.

ಗುಡ್ಡೆ ಲೆಕ್ಕದಲ್ಲಿ ಮಾರುವಾಗ, ಅಂದರೆ ನೆಲದ ಮೇಲೆ ಸಣ್ಣ ಸಣ್ಣ ರಾಶಿ ಮಾಡಿ "ಗುಡ್ಡೆ ಇಪ್ಪತ್ತು" ಅನ್ನುವಾಗ, ಬೆಲೆ ಇಳಿಸಲು ಹೋಗಲೇಬೇಡಿ. "ಇನ್ನೆರಡು ಹಾಕಿ ಅವ್ವ" ಅನ್ನಿ. ಮತ್ತೆ ಗುಡ್ಡೆಯ ಅಡಿಯಲ್ಲಿ ಏನಿದೆ ಅಂತ ನೋಡಿ. ಮೇಲೆ ಕೆಂಪಗೆ, ಕೆಳಗೆ ಬಿರಿದದ್ದು ಇರುವುದು ಇದ್ದದ್ದೇ. "ಈ ಎರಡು ಮೆತ್ತಗಾಗಿದೆ, ಬದಲಾಯಿಸಿ ಕೊಡ್ತೀರಾ?" ಅಂತ ಕೇಳಿದರೆ ಇಲ್ಲ ಅನ್ನುವವರು ಕಮ್ಮಿ.

ತೂಕದ ಹೊತ್ತಿಗೆ ಮಾತು ನಿಲ್ಲಿಸಿ ತಕ್ಕಡಿ ನೋಡಿ. ಸ್ನೇಹ ಇದ್ದರೂ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ತಟ್ಟೆ ಇಟ್ಟ ಮೇಲೆ, ತರಕಾರಿ ಹಾಕುವ ಮುಂಚೆ ಸೊನ್ನೆ ತೋರಿಸಬೇಕು. ಸೊನ್ನೆ ಕಾಣದಿದ್ದರೆ "ಸ್ವಲ್ಪ ಸೊನ್ನೆ ಮಾಡಿ ಹಾಕಿ ಅಣ್ಣ" ಅಂದರೆ ಸಾಕು, ಅನುಮಾನದ ದನಿ ಬೇಡ. ಸೊಪ್ಪಿಗೆ ನೀರು ಚಿಮುಕಿಸಿರುತ್ತಾರೆ. ಕಟ್ಟಿನ ಲೆಕ್ಕದಲ್ಲಿ ಅದರಿಂದ ನಷ್ಟವಿಲ್ಲ, ತೂಕದ ಲೆಕ್ಕದಲ್ಲಾದರೆ ಒಂದು ಸಲ ಕೊಡವಿ ಹಾಕಲು ಹೇಳಿ.

5. ಹೂವಿನ ಸಾಲಿನಲ್ಲಿ: ಕೈ ಅಳತೆ ಇರುವ ಕಡೆ ಮಾತಿಗೆ ಬೆಲೆ ಜಾಸ್ತಿ

ಮಾತಾಡಿಸುವುದರ ಫಲ ಎದ್ದು ಕಾಣುವುದು ಹೂವಿನಲ್ಲಿ. ಕಾರಣ ಸರಳ. ತರಕಾರಿಗೆ ತಕ್ಕಡಿ ಇದೆ, ಕಟ್ಟಿದ ಹೂವಿಗೆ ಮಾರುವವರ ಕೈಯೇ ಅಳತೆಗೋಲು.

ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ, ಸುಮಾರು ಒಂದೂವರೆ ಅಡಿ. ಮಾರು ಅಂದರೆ ಎರಡೂ ಕೈ ಚಾಚಿದಾಗ ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿವರೆಗೆ. ಅದು ಹೆಚ್ಚುಕಮ್ಮಿ ಆ ಮನುಷ್ಯರ ಎತ್ತರದಷ್ಟೇ ಇರುತ್ತೆ. ಮಾರಿಗೆ ನಾಲ್ಕು ಮೊಳ ಅಂತ ಲೆಕ್ಕ. ಐದು ಅಡಿ ಎತ್ತರದ ಹೂವಿನಮ್ಮ ಕೈ ಪೂರ್ತಿ ಚಾಚಿದರೆ ನಿಮಗೆ ಸುಮಾರು 150 ಸೆಂಟಿಮೀಟರ್ ಹೂವು. ಮೊಣಕೈ ಸ್ವಲ್ಪ ಮಡಿಸಿ, ಮುಷ್ಟಿಯಲ್ಲಿ ಹಿಡಿದು ಅಳೆದರೆ 125ಕ್ಕೂ ಇಳಿಯಬಹುದು. ಮೋಸ ಅಂತ ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ, ಅಳೆದದ್ದು ಒಂದು ಮಾರೇ.

ಗುರುವಾರ ಸಂಜೆಯ ಒಂದು ವ್ಯಾಪಾರ ನೋಡಿ. ಶುಕ್ರವಾರದ ಪೂಜೆಗೆ ಎರಡು ಮಾರು ಮಲ್ಲಿಗೆ ಬೇಕು. ಇಲ್ಲೂ ದರ ಉದಾಹರಣೆಗೆ ಮಾತ್ರ.

"ಏನಕ್ಕ, ಊಟ ಆಯ್ತಾ?"

"ಎಲ್ಲಿ ಊಟ, ಈಗ್ ಕಾಫಿ ಕುಡ್ದೆ. ಬನ್ನಿ, ಮಲ್ಗೆ ಬೇಕಾ?"

"ನಾಳೆ ಪೂಜೆಗೆ. ಇದು ಇವತ್ತು ಕಟ್ಟಿದ್ದಾ?"

"ಈಗ್ ಕಟ್ತಾ ಇರೋದೇ. ಆ ಕಡೆದು ಬೆಳಿಗ್ಗೇದು, ಅದು ಬ್ಯಾಡ ನಿಮ್ಗೆ."

"ಮಾರು ಹೆಂಗೆ?"

"ನೂರು."

"ಎರಡು ಮಾರು ತಗೊಳ್ತೀನಿ, ತೊಂಬತ್ತರಂಗೆ ಹಾಕಿ ಅಕ್ಕ."

"ಆಯ್ತು, ಹಿಡೀರಿ."

ಅಕ್ಕ ಎಡಗೈ ಬೆರಳಿಗೆ ದಾರದ ತುದಿ ಸಿಕ್ಕಿಸಿ, ಬಲಗೈ ಪೂರ್ತಿ ಚಾಚಿ, ಎರಡು ಸಲ ಅಳೆದರು. ಎರಡೂ ಸಲ ಕತ್ತರಿಸುವ ಮುಂಚೆ ಒಂದೊಂದು ಗೇಣು ಮುಂದಕ್ಕೆ ಬಿಟ್ಟರು. ಗೇಣು ಅಂದರೆ ಅರ್ಧ ಮೊಳ, ಸುಮಾರು 22 ಸೆಂಟಿಮೀಟರ್.

ಪಕ್ಕದಲ್ಲೇ ಇನ್ನೊಬ್ಬರು ಬಂದವರೇ "ಎಂಬತ್ತೈದಕ್ಕೆ ಕೊಡ್ತೀಯಾ ಇಲ್ವಾ?" ಅಂತ ಹಟ ಹಿಡಿದು ಎಂಬತ್ತೈದಕ್ಕೇ ತಗೊಂಡರು ಅನ್ನಿ. ಅವರ ಮಾರು ಮಡಿಸಿದ ಕೈಯ ಮಾರು, 125 ಸೆಂಟಿಮೀಟರ್. ಸೆಂಟಿಮೀಟರಿಗೆ 68 ಪೈಸೆ ಬಿತ್ತು. ಮಾತಾಡಿಸಿ ತೊಂಬತ್ತು ಕೊಟ್ಟವರಿಗೆ ಸಿಕ್ಕಿದ್ದು 172 ಸೆಂಟಿಮೀಟರ್, ಸೆಂಟಿಮೀಟರಿಗೆ 52 ಪೈಸೆ. ಬಾಯಲ್ಲಿ ಹೇಳಿದ ಬೆಲೆಗೂ ಕೈಗೆ ಬಂದ ಬೆಲೆಗೂ ಇಷ್ಟು ದೂರ ಇರುತ್ತೆ. ಅದಕ್ಕಿಂತ ದೊಡ್ಡದು "ಅದು ಬ್ಯಾಡ ನಿಮ್ಗೆ" ಅನ್ನುವ ಮಾತು. ಬೆಳಗಿನ ಹೂವು ತಗೊಂಡಿದ್ದರೆ ಪೂಜೆ ಹೊತ್ತಿಗೆ ಕಂದು ತಿರುಗಿರುತ್ತಿತ್ತು.

ಆದರೂ ನಿಮ್ಮ ಕಣ್ಣು ನಿಮ್ಮದೇ ಆಗಿರಲಿ. ಮೂರು ಗುರುತು ನೋಡಿ. ಸಂಜೆ ಕೊಳ್ಳುವ ಮಲ್ಲಿಗೆ ಮೊಗ್ಗಾಗಿರಬೇಕು, ಅದು ರಾತ್ರಿ ಅರಳುತ್ತೆ. ಆಗಲೇ ಅರಳಿ ಅಂಚು ಕಂದಾಗಿದ್ದರೆ ಹಳೆಯದು. ದಂಡೆಯನ್ನು ಮೆಲ್ಲಗೆ ಅಲ್ಲಾಡಿಸಿದಾಗ ಹೂವು ಉದುರಬಾರದು. ಮೂರನೆಯದು ಒತ್ತು. ಒಂದು ಮಾರು ಒತ್ತಾಗಿ ಕಟ್ಟಿದ್ದಕ್ಕೂ, ನಡುವೆ ದಾರ ಕಾಣುವಂತೆ ಬಿಡಿಬಿಡಿಯಾಗಿ ಕಟ್ಟಿದ್ದಕ್ಕೂ ಹೂವಿನ ಲೆಕ್ಕದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಬರಬಹುದು. ಉಂಡೆ ಸುತ್ತಿಟ್ಟಿದ್ದರೆ ಹೊರಗಿನ ಸುತ್ತು ಒತ್ತಾಗಿ, ಒಳಗಿನದು ತೆಳ್ಳಗೆ ಇರುವುದುಂಟು. "ಸ್ವಲ್ಪ ಬಿಚ್ಚಿ ತೋರಿಸಿ ಅಕ್ಕ" ಅನ್ನಿ.

ಮಲ್ಲಿಗೆ ದುಬಾರಿ ಇದ್ದ ದಿನ, ಚಳಿಗಾಲದಲ್ಲಿ ಇಳುವರಿ ಕಮ್ಮಿ ಆಗಿ ಬೆಲೆ ಏರುವುದು ಪ್ರತಿ ವರ್ಷದ ಮಾತು, ಹಟ ಹಿಡಿಯುವ ಬದಲು ಅವರನ್ನೇ ಕೇಳಿ. "ದೇವರಿಗೆ ಬೇಕು, ನೂರು ರೂಪಾಯಿಯಲ್ಲಿ ಏನು ಮಾಡಿಕೊಡ್ತೀರಾ?" ಒಂದು ಮೊಳ ಮಲ್ಲಿಗೆ, ಒಂದು ಮಾರು ಸೇವಂತಿಗೆ, ಮೇಲೆ ಒಂದಿಷ್ಟು ತುಳಸಿ ಅಂತ ಅವರೇ ಹೊಂದಿಸಿ ಕೊಡುತ್ತಾರೆ. ನಿಮಗೆ ಬೇಕಾದ್ದು, ನಿಮ್ಮ ಹತ್ತಿರ ಇರುವುದು ಎರಡನ್ನೂ ಹೇಳಿ ಬಿಟ್ಟುಕೊಡುವುದು ಹೂವಿನ ಸಾಲಿನಲ್ಲಿ ಚೌಕಾಸಿಗಿಂತ ಚೆನ್ನಾಗಿ ನಡೆಯುತ್ತೆ. ಹೊಸಬರು ಇದನ್ನು ಮೊದಲ ದಿನ ಮಾಡಬೇಡಿ, ಎರಡು ಮೂರು ಸಲ ಕೊಂಡ ಮೇಲೆ ಮಾಡಿ.

6. ದುಡ್ಡು ಕೊಟ್ಟು ಹೊರಡುವಾಗ

ಚಿಲ್ಲರೆ ಕೊಡಿ. ಮೂವತ್ತು ರೂಪಾಯಿ ವ್ಯಾಪಾರಕ್ಕೆ ಐನೂರರ ನೋಟು ಚಾಚಿದರೆ ಆಡಿದ ಒಳ್ಳೆ ಮಾತೆಲ್ಲ ಹೋಯಿತು. ಫೋನಿನಲ್ಲಿ ಕಳಿಸುವುದಾದರೆ ಸ್ಪೀಕರ್ ಕೂಗುವ ತನಕ, ಇಲ್ಲವೇ ಅವರು ನೋಡಿ "ಬಂತು" ಅನ್ನುವ ತನಕ ನಿಲ್ಲಿ. ವಯಸ್ಸಾದವರ ಹತ್ತಿರ ಇರುವ ಸ್ಕ್ಯಾನರ್ ಎಷ್ಟೋ ಸಲ ಮಗನ ಖಾತೆಯದ್ದು. ಅವತ್ತಿನ ಮಂಡಿ ಖರ್ಚಿಗೆ ಅವರಿಗೆ ಕೈಯಲ್ಲಿ ಕಾಸು ಬೇಕಿರುತ್ತೆ. ನಿಮ್ಮಲ್ಲಿ ನಗದು ಇದ್ದರೆ ಅದನ್ನೇ ಕೊಡಿ.

ಹೊರಡುವಾಗ "ಬರ್ತೀನಿ ಅಕ್ಕ" ಅನ್ನಿ. ಮುಂದಿನ ವಾರ ಅದೇ ಜಾಗಕ್ಕೆ ಹೋಗಿ, ಬೆಲೆ ಕೇಳುವ ಮುಂಚೆ ಹಿಂದಿನದರ ಸುದ್ದಿ ಹೇಳಿ. "ಹೋದ ಸಲದ ಹೂವು ಚೆನ್ನಾಗಿ ಅರಳ್ತು" ಅಥವಾ "ಆ ಬದನೆಕಾಯಿ ಎಣ್ಣೆಗಾಯಿಗೆ ಚೆನ್ನಾಗಿತ್ತು". ಮುಖ ನೆನಪಿಲ್ಲದಿದ್ದರೂ ಇದರಿಂದ ನೆನಪಾಗುತ್ತೆ. ನಿಜವಾದ ದರ ಶುರುವಾಗುವುದು ಈ ಎರಡನೇ, ಮೂರನೇ ಭೇಟಿಯಿಂದ. ಮೊದಲ ದಿನವೇ ಇಳಿಯಲಿಲ್ಲ ಅಂತ ಅಂಗಡಿ ಬದಲಾಯಿಸುತ್ತಾ ಹೋದರೆ ಎಲ್ಲ ಕಡೆಯೂ ಮೊದಲ ದಿನದ ಗಿರಾಕಿಯಾಗಿಯೇ ಉಳಿಯುತ್ತೀರಿ.

ನಡೆಯದ ಕಡೆ, ನಡೆಯದ ದಿನ

ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆಯ ಹಿಂದಿನ ದಿನ ಮಾತಿಗೆ ಬೆಲೆ ಇಳಿಯಲ್ಲ. ಹೂವಿನ ದರ ಗಂಟೆಗೊಂದು ಏರುವ ದಿನಗಳವು. ಅವತ್ತು ಪರಿಚಯದಿಂದ ಸಿಗುವುದು ಒಂದೇ, ಎತ್ತಿಟ್ಟ ಮಾಲು. ಎರಡು ದಿನ ಮುಂಚೆಯೇ "ನನಗೆ ನಾಲ್ಕು ಮಾರು ಸೇವಂತಿಗೆ ತೆಗೆದಿಡಿ" ಅಂತ ಹೇಳಿ ಮುಂಗಡ ಕೊಟ್ಟು ಬನ್ನಿ. ಹೇಳಿದ ಮೇಲೆ ಹೋಗದೆ ಇರಬೇಡಿ. ನಿಮಗಾಗಿ ಎತ್ತಿಟ್ಟ ಹೂವು ಹಬ್ಬದ ಮಾರನೇ ದಿನಕ್ಕೆ ಕಸ.

ಮಂಡಿಯೊಳಗೆ ಬೆಳಗಿನ ಜಾವದ ಹರಾಜಿನಲ್ಲಿ ಊಟ-ತಿಂಡಿ ವಿಚಾರಿಸಿದರೆ ಯಾರಿಗೂ ಕೇಳಿಸಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಪ್ರವಾಸಿಗರು ಓಡಾಡುವ ಸಾಲುಗಳಲ್ಲಿ ಮೊದಲ ಬೆಲೆ ಏರಿಯೇ ಇರುತ್ತೆ. ಅಲ್ಲಿ ಕ್ಯಾಮೆರಾ ಚೀಲದಲ್ಲಿಟ್ಟು, ಕನ್ನಡದಲ್ಲಿ ಮಾತಾಡಿಸಿ. ಕನ್ನಡ ಸರಿಯಾಗಿ ಬಾರದವರು "ಅಕ್ಕ, ಊಟ ಆಯ್ತಾ" ಅಂತ ಎರಡು ಮಾತು ತಪ್ಪುತಪ್ಪಾಗಿ ಆಡಿದರೂ ಸಾಕು, ನಕ್ಕು ತಿದ್ದುತ್ತಾರೆ.

ಮನೆಗೆ ಬಂದ ಮೇಲೆ ತೂಕ ಕಮ್ಮಿ ಬಂದಿದ್ದರೆ?

ಕೊನೆಯದಾಗಿ, ಎಲ್ಲರೂ ಕೇಳುವ ಪ್ರಶ್ನೆ. ಇಷ್ಟೆಲ್ಲ ಸ್ನೇಹ ಮಾಡಿದ ಮೇಲೆ ತೂಕ ಕಮ್ಮಿ ಬಂದರೆ ಕೇಳುವುದು ಹೇಗೆ?

ಮನೆಯಲ್ಲಿ ಅಡುಗೆ ತಕ್ಕಡಿ ಇದ್ದರೆ ಮೊದಲ ಕೆಲವು ಸಲ ತೂಗಿ ನೋಡಿ. ಅರ್ಧ ಕೆಜಿಯಲ್ಲಿ ಹತ್ತು ಇಪ್ಪತ್ತು ಗ್ರಾಂ ಹೆಚ್ಚುಕಮ್ಮಿ ನಿಮ್ಮ ತಕ್ಕಡಿಯದ್ದೂ ಆಗಿರಬಹುದು, ಬಿಟ್ಟುಬಿಡಿ. ಐವತ್ತು ಗ್ರಾಂ ಮೇಲೆ ಕಮ್ಮಿ ಇದ್ದರೆ ಕೇಳಲೇಬೇಕು. ಜಗಳಕ್ಕೆ ಓಡಿಹೋಗಬೇಡಿ. ಮುಂದಿನ ಸಲ ಹೋದಾಗ, ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿ, ಎಂದಿನಂತೆ ಮಾತಾಡಿಸಿ, ಆಮೇಲೆ ಹೇಳಿ: "ಅಣ್ಣ, ಹೋದ ಸಲ ಬೀನ್ಸ್ ಸ್ವಲ್ಪ ಕಮ್ಮಿ ಬಂದಂಗಿತ್ತು, ಇವತ್ತು ನೋಡಿಕೊಂಡು ಹಾಕಿ." ನಾಲ್ಕು ಜನರ ಮುಂದೆ ಹೇಳಿದರೆ ಅವರು ಮರ್ಯಾದೆ ಉಳಿಸಿಕೊಳ್ಳಲು ಜಗಳಕ್ಕೆ ನಿಲ್ಲಲೇಬೇಕಾಗುತ್ತೆ. ಒಬ್ಬರೇ ಇದ್ದಾಗ ಹೇಳಿದರೆ ಒಂದು ಹಿಡಿ ಜಾಸ್ತಿ ಹಾಕಿ ಸರಿ ಮಾಡುತ್ತಾರೆ. ಅದಾದ ಮೇಲೂ ಇನ್ನೊಂದು ಸಲ ಕಮ್ಮಿ ಬಂದರೆ ಏನೂ ಹೇಳಬೇಡಿ, ಎರಡು ಅಂಗಡಿ ಆಚೆ ಇರುವವರಿಗೆ "ತಿಂಡಿ ಆಯ್ತಾ?" ಅನ್ನಿ.